ಮಿನಿ ಎಲ್‌ಇಡಿ ಟಿವಿ ಕೊಳ್ಳುವ ಮುನ್ನ ಡಯೋಡ್‌ಗಳ ಲೆಕ್ಕ ಬಿಟ್ಟು ಜೋನ್‌ಗಳ ಲೆಕ್ಕ ಕೇಳಿ

ಹಾಸನದ ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ ಈ ವರ್ಷ ನಾವು 55 ಇಂಚಿನ ಒಂದು ಮಿನಿ ಎಲ್‌ಇಡಿ ಟಿವಿಯನ್ನು ಕೊಂಡೆವು. ಅಂಗಡಿಯ ಹೆಸರನ್ನಾಗಲಿ ಟಿವಿಯ ಬ್ರಾಂಡನ್ನಾಗಲಿ ಇಲ್ಲಿ ಹೇಳುವುದಿಲ್ಲ, ಏಕೆಂದರೆ ಇದೇ ಬಗೆಯ ಮಾರಾಟ ಬೇರೆ ಅಂಗಡಿಗಳಲ್ಲಿ ಬೇರೆ ಹೆಸರಿನ ಟಿವಿಗಳಿಗೂ ನಡೆಯಬಹುದು. ಲೋಕಲ್ ಡಿಮ್ಮಿಂಗ್ ಜೋನ್ ಎಷ್ಟಿದೆ ಎಂದು ನಾನು ನೇರವಾಗಿಯೇ ಕೇಳಿದ್ದೆ. ಬಂದ ಉತ್ತರ, "ಸಾರ್, ಸಾವಿರದ ಇನ್ನೂರಕ್ಕೂ ಹೆಚ್ಚು ಇದೆ, ಕಪ್ಪು ಅಂದ್ರೆ ಪೂರ್ತಿ ಕಪ್ಪು ಬರುತ್ತೆ" ಎಂಬುದು. ಅವರು ಹೇಳಿದ ಆ ಸಂಖ್ಯೆ ಡಯೋಡ್‌ಗಳದ್ದು, ಅಂದರೆ ಪರದೆಯ ಹಿಂದೆ ಬೆಳಗುವ ಚಿಕ್ಕ ದೀಪಗಳದ್ದು. ಜೋನ್‌ಗಳ ಸಂಖ್ಯೆ ಪೆಟ್ಟಿಗೆಯ ಮೇಲೆ ಎಲ್ಲಿಯೂ ಅಚ್ಚಾಗಿರಲಿಲ್ಲ. ನಮಗಾದ ತೊಂದರೆಯೆಲ್ಲ ಈ ಎರಡು ಸಂಖ್ಯೆಗಳ ನಡುವಿನ ಅಂತರದಿಂದ ಬಂದದ್ದು.

ಮಿನಿ ಎಲ್‌ಇಡಿ ಟಿವಿಯೂ ಒಂದು ಎಲ್‌ಸಿಡಿ ಟಿವಿಯೇ, ಎಲ್‌ಸಿಡಿ ಪರದೆಯ ಪಿಕ್ಸೆಲ್‌ಗಳು ತಾವಾಗಿ ಬೆಳಗುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಅವು ಹೆಚ್ಚು ಕಡಿಮೆ ತಡೆಯುತ್ತವೆ, ಅಷ್ಟೆ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸ್ವಲ್ಪ ಬೆಳಕು ಸೋರುತ್ತಲೇ ಇರುತ್ತದೆ. ವಿಎ ಬಗೆಯ ಪ್ಯಾನೆಲ್‌ನಲ್ಲಿ ಈ ಸೋರಿಕೆ ಸುಮಾರು 4,000ದಲ್ಲಿ ಒಂದು ಭಾಗವಿದ್ದರೆ, ಐಪಿಎಸ್ ಬಗೆಯದರಲ್ಲಿ ಸುಮಾರು 1,000ದಲ್ಲಿ ಒಂದು ಭಾಗ. ಪ್ಯಾನೆಲ್‌ನ ಸ್ವಂತ ಕಾಂಟ್ರಾಸ್ಟ್ ಎನ್ನುವುದು ಇದನ್ನೇ. ಸೋರಿಕೆಯನ್ನು ನಿಲ್ಲಿಸಲಾಗದಿದ್ದರೆ, ಕಪ್ಪು ಇರುವ ಜಾಗದಲ್ಲಿ ಹಿಂದಿನ ಬೆಳಕನ್ನೇ ತಗ್ಗಿಸಿಬಿಡೋಣ ಎಂಬುದು ಲೋಕಲ್ ಡಿಮ್ಮಿಂಗ್‌ನ ಯೋಚನೆ. ಅದಕ್ಕಾಗಿ ಬ್ಯಾಕ್‌ಲೈಟನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಹೊಳಪನ್ನು ಪ್ರತ್ಯೇಕವಾಗಿ ನಿಯಂತ್ರಿಸುತ್ತಾರೆ. ಆ ಚೌಕವೇ ಜೋನ್.

ಮಿನಿ ಎಲ್‌ಇಡಿ ಎಂದರೆ ಈ ಬ್ಯಾಕ್‌ಲೈಟ್‌ನಲ್ಲಿ ಬಳಸುವ ಡಯೋಡ್‌ಗಳು ಬಹಳ ಚಿಕ್ಕವು, ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಅಗಲದವು. ಚಿಕ್ಕದಾದ್ದರಿಂದ ಹೆಚ್ಚು ಜೋಡಿಸಬಹುದು, ಹೆಚ್ಚು ಜೋನ್‌ಗಳನ್ನು ಮಾಡುವುದಕ್ಕೂ ಅವಕಾಶವಿದೆ. ಆದರೆ ಆ ಅವಕಾಶವನ್ನು ತಯಾರಕರು ಬಳಸಿಕೊಳ್ಳಲೇಬೇಕೆಂದಿಲ್ಲ, ಏಕೆಂದರೆ ಪ್ರತಿ ಜೋನಿಗೂ ಪ್ರತ್ಯೇಕ ಡ್ರೈವರ್ ಸರ್ಕ್ಯೂಟು ಬೇಕು, ಖರ್ಚು ಬರುವುದು ಅಲ್ಲಿಯೇ. ಹೀಗಾಗಿ ಅಗ್ಗದ ಮಾದರಿಗಳಲ್ಲಿ ಹಲವು ಡಯೋಡ್‌ಗಳನ್ನು ಒಟ್ಟಿಗೆ ಕಟ್ಟಿ ಒಂದು ಜೋನ್ ಮಾಡುತ್ತಾರೆ. ಕಲ್ಯಾಣಮಂಟಪದಲ್ಲಿ ಒಂದೇ ಸ್ವಿಚ್ಚಿಗೆ ಎಂಟು ಬಲ್ಬು ಕೊಟ್ಟಂತೆ, ಒಂದನ್ನು ಮಾತ್ರ ಆರಿಸುವುದು ಸಾಧ್ಯವಿಲ್ಲ.

ಮನೆಗೆ ಬಂದ ಮೇಲೆ ರಾತ್ರಿ ದೀಪ ಆರಿಸಿ ಸಿನಿಮಾ ಹಾಕಿದಾಗ ಮೊದಲು ಗಮನಿಸಿದ್ದು ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ. "ಅಕ್ಷರದ ಸುತ್ತ ಯಾಕೋ ಬೆಳ್ಳಗೆ ಕಾಣ್ತದಲ್ಲ" ಎಂದರು. ಎದುರಿನ ಸೋಫಾದಿಂದ ಅದು ಕಡಿಮೆ ಕಾಣುತ್ತಿತ್ತು, ಆದರೆ ಕಾಣುತ್ತಿತ್ತು. ವಿಎ ಪ್ಯಾನೆಲ್‌ಗಳನ್ನು ಓರೆಯಿಂದ ನೋಡಿದಾಗ ಸೋರಿಕೆ ಹೆಚ್ಚುವುದರಿಂದ, ಪಕ್ಕದಲ್ಲಿ ಕುಳಿತವರಿಗೆ ಬ್ಲೂಮಿಂಗ್ ಎಂದು ಕರೆಯುವ ಈ ಮಬ್ಬು ಬೆಳಕು ಇನ್ನೂ ದೊಡ್ಡದಾಗಿ ತೋರುತ್ತದೆ.

ಜೋನ್‌ಗಳು ನಿಜಕ್ಕೂ ಎಷ್ಟಿವೆ ಎಂದು ತಿಳಿಯಲು ಸಕಲೇಶಪುರದಿಂದ ಬಂದಿದ್ದ ಅಕ್ಕನ ಮಗ ತನ್ನ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿದ. ಪೂರ್ತಿ ಕಪ್ಪು ಹಿನ್ನೆಲೆಯ ಮೇಲೆ ಎರಡು ಸೆಂಟಿಮೀಟರಿನ ಬಿಳಿ ಚೌಕವೊಂದನ್ನು ಎಡದಿಂದ ಬಲಕ್ಕೆ, ಆಮೇಲೆ ಮೇಲಿನಿಂದ ಕೆಳಕ್ಕೆ ಬಹಳ ನಿಧಾನವಾಗಿ ಸರಿಸಿದೆವು. ಚೌಕ ಸರಾಗವಾಗಿ ಸಾಗುತ್ತದೆ, ಆದರೆ ಅದರ ಸುತ್ತಲಿನ ಮಬ್ಬು ಬೆಳಕು ಹಾಗೆ ಸಾಗುವುದಿಲ್ಲ. ಒಂದು ಕಡೆ ನಿಂತು, ಆಮೇಲೆ ತಟ್ಟನೆ ಮುಂದಿನ ಜೋನಿಗೆ ಜಿಗಿಯುತ್ತದೆ. ಆ ನಿಲ್ದಾಣಗಳನ್ನು ಎಣಿಸಿದರೆ ಅಡ್ಡಕ್ಕೆ 16, ಉದ್ದಕ್ಕೆ 10 ಸಿಕ್ಕವು, ಅಂದರೆ ಒಟ್ಟು 160 ಜೋನ್. ಅಂಗಡಿಯವರು ಹೇಳಿದ ಡಯೋಡ್‌ಗಳ ಲೆಕ್ಕ ನಿಜವೇ ಇದ್ದರೂ, ಒಂದೊಂದು ಜೋನಿಗೆ ಸುಮಾರು ಎಂಟು ಡಯೋಡ್ ಬೀಳುತ್ತವೆ. ಕೆಲವು ಟಿವಿಗಳು ಪಕ್ಕದ ಜೋನ್‌ಗಳನ್ನೂ ಸ್ವಲ್ಪ ಬೆಳಗಿಸಿ ಈ ಜಿಗಿತವನ್ನು ಮರೆಸುತ್ತವೆಯಾದ್ದರಿಂದ, ಎಣಿಕೆ ಎಲ್ಲ ಟಿವಿಗಳಲ್ಲೂ ಇಷ್ಟು ಸ್ಪಷ್ಟವಾಗಿ ಸಿಗದಿರಬಹುದು.

ಈಗ 160ರ ಅರ್ಥವೇನೆಂದು ನೋಡೋಣ. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂ.ಮೀ., ಎತ್ತರ 68.5 ಸೆಂ.ಮೀ. ಹಾಗಾಗಿ ಒಂದು ಜೋನ್ ಸುಮಾರು ಏಳೂವರೆ ಸೆಂ.ಮೀ. ಅಗಲ, ಏಳು ಸೆಂ.ಮೀ. ಎತ್ತರದ ತುಂಡು. 4ಕೆ ಪರದೆಯ 3840×2160 ಪಿಕ್ಸೆಲ್‌ಗಳನ್ನು ಹಂಚಿದರೆ, ಒಂದೇ ಬೆಳಕಿನ ಮಟ್ಟವನ್ನು ಹಂಚಿಕೊಳ್ಳುವ ಪಿಕ್ಸೆಲ್‌ಗಳು 51,840. ಆ ಐವತ್ತು ಸಾವಿರದಲ್ಲಿ ಒಂದು ಮೂಲೆಯ ಕೆಲವು ನೂರು ಪಿಕ್ಸೆಲ್‌ಗಳು ಬಿಳಿಯಾಗಿದ್ದರೂ ಇಡೀ ತುಂಡಿನ ಹಿಂದಿನ ಬೆಳಕು ಏರಬೇಕು. ಹೊಳಪನ್ನು ಅಳೆಯುವ ಮಾನ ನಿಟ್ಸ್. ಆ ಜೋನ್ 800 ನಿಟ್ಸ್‌ಗೆ ಏರಿತೆನ್ನಿ; 4,000ಕ್ಕೆ ಒಂದರಂತೆ ಸೋರುವ ಪ್ಯಾನೆಲ್‌ನಲ್ಲಿ ಅಲ್ಲಿನ ಕಪ್ಪು 0.2 ನಿಟ್ಸ್ ಆಗಿ ಉಳಿಯುತ್ತದೆ. ಐಪಿಎಸ್ ಪ್ಯಾನೆಲ್ ಆಗಿದ್ದರೆ 0.8 ನಿಟ್ಸ್. ಸಂಖ್ಯೆಯಾಗಿ ನೋಡಿದರೆ ಇದು ಏನೂ ಅಲ್ಲ. ಆದರೆ ದೂರದ ಜೋನ್‌ಗಳು ಪೂರ್ತಿ ಆರಿರುವಾಗ, ಕತ್ತಲಿಗೆ ಒಗ್ಗಿದ ಕಣ್ಣಿಗೆ ಆ ಬೂದು ಬಣ್ಣ ಎದ್ದು ಕಾಣುತ್ತದೆ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಲೋಕಲ್ ಡಿಮ್ಮಿಂಗ್ ಕಾಂಟ್ರಾಸ್ಟನ್ನು ಹೆಚ್ಚಿಸುವುದು ಒಂದು ಜೋನಿಗೂ ಇನ್ನೊಂದು ಜೋನಿಗೂ ನಡುವೆ. ಒಂದೇ ಜೋನಿನ ಒಳಗೆ ಪ್ಯಾನೆಲ್‌ನ ಹಳೆಯ 4,000:1 ಇದ್ದಂತೆಯೇ ಇರುತ್ತದೆ. ಜಾಹೀರಾತಿನಲ್ಲಿ ಬರೆಯುವ ಲಕ್ಷಗಟ್ಟಲೆ ಕಾಂಟ್ರಾಸ್ಟ್, ಪರದೆಯ ಒಂದು ಭಾಗ ಪೂರ್ತಿ ಆರಿ ಮತ್ತೊಂದು ಭಾಗ ಪೂರ್ತಿ ಬೆಳಗಿದಾಗ ಸಿಗುವ ಲೆಕ್ಕ. ಕಪ್ಪಿನ ನಡುವೆ ಬಿಳಿ ಅಕ್ಷರವಿದ್ದಾಗ ಸಿಗುವುದಲ್ಲ.

ಸಿನಿಮಾದ ಕಪ್ಪು ಪಟ್ಟಿಗಳಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮಗೆ ಹೆಚ್ಚು ಕಿರಿಕಿರಿಯಾದದ್ದು ಅಲ್ಲಿಯೇ. 2.39:1 ಅನುಪಾತದ ಚಿತ್ರ ಈ ಪರದೆಯಲ್ಲಿ 51 ಸೆಂ.ಮೀ. ಎತ್ತರಕ್ಕೆ ಕೂರುತ್ತದೆ, ಮೇಲೂ ಕೆಳಗೂ ಸುಮಾರು 8.8 ಸೆಂ.ಮೀ. ಕಪ್ಪು ಪಟ್ಟಿ ಉಳಿಯುತ್ತದೆ. ಜೋನ್‌ಗಳ ಮೊದಲ ಸಾಲು ಸುಮಾರು 6.85 ಸೆಂ.ಮೀ.ಗೆ ಮುಗಿಯುವುದರಿಂದ ಅದು ಪೂರ್ತಿ ಆರುತ್ತದೆ. ಆದರೆ ಎರಡನೆಯ ಸಾಲು ಪಟ್ಟಿಯ ಕೊನೆಯ ಎರಡು ಸೆಂಟಿಮೀಟರನ್ನೂ ಚಿತ್ರದ ಅಂಚನ್ನೂ ಒಟ್ಟಿಗೆ ಹೊತ್ತಿದೆ. ಚಿತ್ರದಲ್ಲಿ ಬೆಳಕಿನ ದೃಶ್ಯ ಬಂದಾಗಲೆಲ್ಲ ಕಪ್ಪು ಪಟ್ಟಿಯ ಅಂಚು ಬೂದಾಗಿ, ಕತ್ತಲೆಯ ದೃಶ್ಯ ಬಂದಾಗ ಮತ್ತೆ ಕಪ್ಪಾಗುತ್ತದೆ. ಸಬ್‌ಟೈಟಲ್ ಕೆಳಗಿನ ಪಟ್ಟಿಯೊಳಗೆ ಬರುವ ಆ್ಯಪ್‌ಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದು: 40 ಸೆಂ.ಮೀ. ಉದ್ದದ ಒಂದು ಸಾಲಿಗೆ ಆರೇಳು ಜೋನ್‌ಗಳು ಒಟ್ಟಿಗೆ ಹತ್ತಿ, ಮಾತು ಮುಗಿದೊಡನೆ ಆರುತ್ತವೆ. ಕೊನೆಯಲ್ಲಿ ಹೆಸರುಗಳು ಮೇಲಕ್ಕೆ ಸರಿಯುವಾಗ ಬೆಳಕು ಸಾಲಿನಿಂದ ಸಾಲಿಗೆ ಮೆಟ್ಟಿಲು ಹತ್ತುವುದನ್ನು ಬರಿಗಣ್ಣಿನಲ್ಲೇ ನೋಡಬಹುದು.

ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ಲೋಕಲ್ ಡಿಮ್ಮಿಂಗನ್ನು ಹೈಗೆ ಇಟ್ಟಾಗ ಕಪ್ಪು ನಿಜಕ್ಕೂ ಗಾಢವಾಯಿತು, ಆದರೆ ರಾತ್ರಿಯ ಆಕಾಶದ ದೃಶ್ಯದಲ್ಲಿ ನಕ್ಷತ್ರಗಳು ಮಂಕಾದವು, ಚಿಕ್ಕವು ಕಾಣದೇ ಹೋದವು. ಕಾರಣ ಸರಳ. ಐವತ್ತು ಸಾವಿರ ಕಪ್ಪು ಪಿಕ್ಸೆಲ್‌ಗಳ ನಡುವೆ ಹತ್ತು ಬಿಳಿ ಪಿಕ್ಸೆಲ್ ಇದ್ದರೆ, ಬಹುಮತವನ್ನು ಗೌರವಿಸಿ ಜೋನನ್ನು ತಗ್ಗಿಸಬೇಕೋ, ಹತ್ತಕ್ಕಾಗಿ ಏರಿಸಬೇಕೋ ಎಂಬುದನ್ನು ಟಿವಿಯ ಪ್ರೊಸೆಸರ್ ನಿರ್ಧರಿಸಬೇಕು. ತಗ್ಗಿಸಿದರೆ ನಕ್ಷತ್ರ ಹೋಗುತ್ತದೆ, ಏರಿಸಿದರೆ ಬ್ಲೂಮಿಂಗ್ ಬರುತ್ತದೆ. ಲೋಗೆ ಇಟ್ಟಾಗ ನಕ್ಷತ್ರಗಳು ಬಂದವು, ಅವುಗಳ ಜೊತೆಗೆ ಆಕಾಶವೂ ಬೂದಾಯಿತು. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಕಷ್ಟವನ್ನು ಯಾವ ಮೆನುವೂ ತೆಗೆಯಲಾರದು. ಜೋನ್ ಚಿಕ್ಕದಾದರೆ ಮಾತ್ರ ಅದು ಹಗುರವಾಗುತ್ತದೆ.

ಹಗುರವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. 2021ರ 12.9 ಇಂಚಿನ ಐಪ್ಯಾಡ್ ಪ್ರೋದಲ್ಲಿ 2,596 ಜೋನ್‌ಗಳಿವೆ. ಅಷ್ಟು ಚಿಕ್ಕ ಪರದೆಯಲ್ಲಿ ಒಂದೊಂದು ಜೋನಿಗೆ ಸುಮಾರು 2,150 ಪಿಕ್ಸೆಲ್ ಮಾತ್ರ. ಆದರೂ ಕತ್ತಲೆಯಲ್ಲಿ ಕಪ್ಪಿನ ಮೇಲಿನ ಬಿಳಿ ಅಕ್ಷರಗಳ ಸುತ್ತ ಬ್ಲೂಮಿಂಗ್ ಕಾಣುತ್ತದೆ ಎಂದು ಬಳಕೆದಾರರು ಹೇಳಿದ್ದುಂಟು. ಡಯೋಡಿನ ಬೆಳಕು ಮುಂದಿನ ಡಿಫ್ಯೂಸರ್ ಹಾಳೆಯಲ್ಲಿ ಹರಡಿ ಪಕ್ಕದ ಜೋನಿಗೂ ನುಗ್ಗುತ್ತದೆ. ಆ ಹರಡುವಿಕೆಯನ್ನು ಹಿಡಿತದಲ್ಲಿಡದೆ ಜೋನ್‌ಗಳನ್ನು ಮಾತ್ರ ಹೆಚ್ಚಿಸಿದರೆ ಪೂರ್ತಿ ಲಾಭ ಸಿಗುವುದಿಲ್ಲ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿಯಂತಹ ಪರದೆಗಳಲ್ಲಿ ಮಾತ್ರ ಈ ಪ್ರಶ್ನೆ ಬರುವುದಿಲ್ಲ.

ಸರ್ವೀಸಿನವರು ಬಂದು ಪರದೆಯನ್ನು ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ, ಕೊನೆಗೆ ಪೂರ್ತಿ ಕಪ್ಪು ಮಾಡಿ ನೋಡಿದರು. "ಪ್ಯಾನೆಲ್ ಫಾಲ್ಟ್ ಇಲ್ಲ ಸಾರ್, ಮಾಡೆಲ್ಲೇ ಹೀಗೆ" ಎಂದು ಬರೆದುಕೊಟ್ಟು ಹೋದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಇಡೀ ಪರದೆ ಒಂದೇ ಬಣ್ಣವಿದ್ದಾಗ ಎಲ್ಲ ಜೋನ್‌ಗಳೂ ಒಂದೇ ಮಟ್ಟದಲ್ಲಿರುತ್ತವೆ, ಪೂರ್ತಿ ಕಪ್ಪಿನಲ್ಲಿ ಎಲ್ಲವೂ ಆರಿಬಿಡುತ್ತವೆ. ಬ್ಲೂಮಿಂಗ್ ಆ ಪರೀಕ್ಷೆಯಲ್ಲಿ ಎಂದಿಗೂ ಕಾಣಿಸದು. ದೋಷವಿಲ್ಲವೆಂದ ಮೇಲೆ ಅಂಗಡಿಯವರು ಬದಲಿ ಕೊಡಲು ಒಪ್ಪಲಿಲ್ಲ.

ಆದ್ದರಿಂದ ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡಬೇಕು. ಪವರ್‌ಪಾಯಿಂಟ್‌ನಲ್ಲಿ ಕಪ್ಪು ಸ್ಲೈಡಿನ ಮೇಲೆ ನಿಧಾನವಾಗಿ ಚಲಿಸುವ ಚಿಕ್ಕ ಬಿಳಿ ಚೌಕವನ್ನು ಮಾಡಿ ವಿಡಿಯೋ ಆಗಿ ಉಳಿಸಿ, ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಂಗಡಿಯ ಟಿವಿಗಳು ಡೆಮೊ ಮೋಡ್‌ನಲ್ಲಿ ಹೂವು, ಮೀನು, ಪಟಾಕಿಗಳನ್ನು ತೋರಿಸುತ್ತಿರುತ್ತವೆ. ಅದನ್ನು ತೆಗೆಸಿ ಸಿನಿಮಾ ಮೋಡ್‌ಗೆ ಹಾಕಿಸಿ. ಆ ಬದಿಯ ಟ್ಯೂಬ್‌ಲೈಟುಗಳನ್ನು ಎರಡು ನಿಮಿಷ ಆರಿಸಲು ಕೇಳಿ, ಏಕೆಂದರೆ 0.2 ನಿಟ್ಸ್‌ನ ಬೂದು ಬಣ್ಣ ಆ ಬೆಳಕಿನಲ್ಲಿ ಕಾಣುವುದೇ ಇಲ್ಲ. ಎದುರಿನಿಂದ ನೋಡಿದ ಮೇಲೆ ಪಕ್ಕಕ್ಕೂ ಸರಿದು ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ಬಿಳಿ ಚೌಕದ ಮೇಲೆ ಎಕ್ಸ್‌ಪೋಷರನ್ನು ಲಾಕ್ ಮಾಡಿ. ಇಲ್ಲವಾದರೆ ಕ್ಯಾಮೆರಾ ಕತ್ತಲನ್ನು ತಾನೇ ಬೆಳಗಿಸಿ ಒಳ್ಳೆಯ ಟಿವಿಯನ್ನೂ ಕೆಟ್ಟದಾಗಿ ತೋರಿಸುತ್ತದೆ. ಜೋನ್‌ಗಳ ಸಂಖ್ಯೆಯನ್ನು ಬಾಯಿಮಾತಿನಲ್ಲಿ ಒಪ್ಪದೆ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ; ಬರೆಯಲು ಹಿಂಜರಿದರೆ ಅದೂ ಒಂದು ಉತ್ತರವೇ.

ಈಗಾಗಲೇ ಇಂತಹ ಟಿವಿ ಮನೆಯಲ್ಲಿರುವವರಿಗೆ ನಮ್ಮಲ್ಲಿ ಸ್ವಲ್ಪ ಪ್ರಯೋಜನವಾದ ಎರಡು ಕ್ರಮಗಳಿವೆ. ಸಬ್‌ಟೈಟಲ್‌ನ ಬಣ್ಣವನ್ನು ಬಿಳಿಯಿಂದ ಬೂದಿಗೆ ಬದಲಿಸಿದರೆ ಜೋನ್‌ಗಳು ಅಷ್ಟು ಎತ್ತರಕ್ಕೆ ಏರುವುದಿಲ್ಲ. ಟಿವಿಯ ಹಿಂದೆ, ಗೋಡೆಗೆ ಬೆಳಕು ಬೀಳುವಂತೆ ಮಂದವಾದ ದೀಪವೊಂದನ್ನು ಇಟ್ಟರೆ ಕಣ್ಣು ಪೂರ್ತಿ ಕತ್ತಲಿಗೆ ಒಗ್ಗದೆ, ಬೂದು ಬಣ್ಣ ಬಹುಮಟ್ಟಿಗೆ ಮರೆಯಾಗುತ್ತದೆ. ಲೋಕಲ್ ಡಿಮ್ಮಿಂಗನ್ನು ನಾವು ಮೀಡಿಯಂನಲ್ಲಿ ಬಿಟ್ಟಿದ್ದೇವೆ. ಹಗಲಿನ ಕ್ರಿಕೆಟ್ಟಿಗೆ ಈ ಟಿವಿಯ ಮೇಲೆ ನನ್ನ ದೂರೇನೂ ಇಲ್ಲ. ಕಿಟಕಿಯ ಎದುರಿನ ಕೋಣೆಯಲ್ಲಿ ಇದರ ಹೆಚ್ಚಿನ ಹೊಳಪು ಉಪಯೋಗಕ್ಕೆ ಬರುತ್ತದೆ, ಹಸಿರು ಮೈದಾನದ ಮೇಲೆ ಬ್ಲೂಮಿಂಗ್ ಹುಡುಕಿದರೂ ಸಿಗುವುದಿಲ್ಲ.