ಸಪ್ಲೈಯರ್ ಸ್ಕೋರ್‌ಕಾರ್ಡ್: ಪಿಒ ಲೈನ್ ಲೆಕ್ಕವೋ, ಪ್ರಮಾಣದ ಲೆಕ್ಕವೋ?

ಸಪ್ಲೈಯರ್‌ನ ತಿಂಗಳ ಆನ್-ಟೈಮ್ ಡೆಲಿವರಿ ಮತ್ತು ರಿಜೆಕ್ಷನ್ ಶೇಕಡಾವನ್ನು ಪಿಒ, ಅಂದರೆ ಖರೀದಿ ಆದೇಶದ, ಲೈನ್‌ಗಳನ್ನು ಎಣಿಸಿ ಅಳೆಯಬೇಕೋ, ಮಾಲಿನ ಪ್ರಮಾಣದಿಂದ ಅಳೆಯಬೇಕೋ ಎಂದು ಕೇಳಿದ್ದೀರಿ. ಒಂದು ಕಾಲ್ಪನಿಕ ತಿಂಗಳು ನೋಡಿ: ತಲಾ 50 ಬ್ರಾಕೆಟ್‌ಗಳ ನಾಲ್ಕು ಲೈನ್ ಸಮಯಕ್ಕೆ ಬಂದವು, 800 ಕಾಸ್ಟಿಂಗ್‌ಗಳ ಒಂದು ಲೈನ್ ಪೂರ್ತಿ ತಡವಾಯಿತು. ಲೈನ್ ಲೆಕ್ಕದಲ್ಲಿ ಆನ್-ಟೈಮ್ 80%. ಪ್ರಮಾಣದಲ್ಲಿ ಬರೀ 20%. ಕಾಸ್ಟಿಂಗ್ ಇಲ್ಲದೆ ನಿಮ್ಮ ಮಷೀನ್ ನಿಲ್ಲುವುದಾದರೆ ಎರಡನೆಯದೇ ನಿಜ ಹೇಳುತ್ತದೆ.

ಸುಲಭದ್ದು ಲೈನ್ ಲೆಕ್ಕ. ಕೊನೆಯ ಜಿಆರ್‌ಎನ್, ಅಂದರೆ ಮಾಲು ಸ್ವೀಕೃತಿ ಪತ್ರದ, ದಿನಾಂಕವನ್ನು ಡ್ಯೂ ಡೇಟ್‌ಗೆ ಹೋಲಿಸಿದರೆ ಸಾಕು. ಆದರೆ 800ರಲ್ಲಿ 780 ಸಮಯಕ್ಕೆ ಬಂದು 20 ತಡವಾದರೂ ಇಡೀ ಲೈನ್ ಫೇಲ್. ಕಂತುಗಳಲ್ಲಿ ಮಾಲು ಕಳಿಸುವ ಸಪ್ಲೈಯರ್‌ಗೆ ಇದು ಅನ್ಯಾಯ. ಪ್ರಮಾಣದ ಲೆಕ್ಕಕ್ಕೆ ಪ್ರತಿ ಜಿಆರ್‌ಎನ್ ಬೇಕು. ಕೆಜಿ ಮತ್ತು ನಗಗಳನ್ನು ಕೂಡಿಸಬಾರದು.

ರಿಜೆಕ್ಷನ್‌ಗೆ ನನ್ನ ಒಲವು ಪ್ರಮಾಣದ ಕಡೆಗೆ, ಅದೂ ಐಟಂವಾರು: 40 ಕಾಸ್ಟಿಂಗ್ ತಿರಸ್ಕೃತವಾದರೆ 800ಕ್ಕೆ 5%. ಬ್ರಾಕೆಟ್ ಸೇರಿಸಿದರೆ 4%ಕ್ಕೆ ಇಳಿದು ದೋಷ ಮಸುಕಾಗುತ್ತದೆ. ಇಡೀ ಲಾಟ್ ವಾಪಸ್ ಕಳಿಸುವ ಪದ್ಧತಿಯಿದ್ದರೆ ಮಾತ್ರ ಲಾಟ್ ಎಣಿಸಿ.

ಯಾವುದನ್ನೇ ಆರಿಸಿ, ತಿಂಗಳನ್ನು ಡ್ಯೂ ಡೇಟ್‌ನಿಂದ ಗುರುತಿಸಿ. ಜಿಆರ್‌ಎನ್ ತಿಂಗಳು ಹಿಡಿದರೆ ಇನ್ನೂ ಬಾರದ ಮಾಲು ವರದಿಯಲ್ಲೇ ಕಾಣುವುದಿಲ್ಲ. ಪಿಒ ತಿದ್ದಿದಾಗ ಮೊದಲ ಡ್ಯೂ ಡೇಟನ್ನು ಬೇರೆ ಕಾಲಂನಲ್ಲಿ ಉಳಿಸಿ.