ದಮ್ ಕಟ್ಟಿ ಎತ್ತಬೇಕೇ, ಉಸಿರು ಬಿಡುತ್ತಾ ಎತ್ತಬೇಕೇ? 100 ಕೆ.ಜಿ. ಸ್ಕ್ವಾಟ್‌ನಲ್ಲಿ ಮೂರು ವಿಧಾನ

ತುಮಕೂರಿನ ಜಿಮ್‌ಗಳಲ್ಲಿ ಎರಡು ಬಗೆಯ ಸಲಹೆ ಅಕ್ಕಪಕ್ಕದಲ್ಲೇ ಕೇಳಿಸುತ್ತವೆ. ಗರಡಿಯ ಅಭ್ಯಾಸ ಇರುವವರು "ದಮ್ ಕಟ್ಟಿ ಎತ್ತು" ಎನ್ನುತ್ತಾರೆ. ಕೋರ್ಸ್ ಮಾಡಿಕೊಂಡು ಬಂದ ಟ್ರೇನರ್ "ಮೇಲೆ ಬರುವಾಗ ಉಸಿರು ಬಿಡು" ಎನ್ನುತ್ತಾರೆ. ಎರಡನ್ನೂ ಕೇಳಿದ ಹುಡುಗ ಅರ್ಧ ಅದು ಅರ್ಧ ಇದು ಮಾಡಿ, ಬಾರ್ ಕೆಳಗಿರುವಾಗಲೇ ಗಾಳಿಯನ್ನೆಲ್ಲ ಬಿಟ್ಟು, ನಡು ಬಗ್ಗಿಸಿಕೊಂಡು ಏಳುತ್ತಾನೆ. ಆದ್ದರಿಂದ ಒಂದೇ ರ‍್ಯಾಕ್‌ನಲ್ಲಿ, ಒಂದೇ ತೂಕದಲ್ಲಿ ಈ ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಲೆಕ್ಕಕ್ಕೆ ಒಬ್ಬ ಆರೋಗ್ಯವಂತನನ್ನು ತೆಗೆದುಕೊಳ್ಳೋಣ. ಒಂದೇ ಒಂದು ಸಲಕ್ಕೆ 120 ಕೆ.ಜಿ. ಸ್ಕ್ವಾಟ್ ಮಾಡಬಲ್ಲವನು, ಇವತ್ತು 100 ಕೆ.ಜಿ.ಯಲ್ಲಿ ಮೂರು ರೆಪ್ ಮಾಡುತ್ತಾನೆ. ಅಂದರೆ ಅವನ ಗರಿಷ್ಠದ ಶೇ. 83ರಷ್ಟು.

ಮೊದಲನೆಯದು ಪೂರ್ತಿ ದಮ್ ಕಟ್ಟುವುದು, ಅಂದರೆ ವಲ್ಸಾಲ್ವಾ. ಬಾರ್ ಹೆಗಲ ಮೇಲಿಟ್ಟು ನೆಟ್ಟಗೆ ನಿಂತಾಗ ಉಸಿರು ಎಳೆದುಕೊಳ್ಳಬೇಕು, ಇಳಿಯುತ್ತಾ ಅಲ್ಲ. ಎದೆ ಬಿರಿಯುವಷ್ಟು ಬೇಡ, ಮುಕ್ಕಾಲು ಭಾಗ ಸಾಕು. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ನಡುವೆ ಎರಡೂ ಕಡೆ ಹೆಬ್ಬೆರಳು ಒತ್ತಿ ಹಿಡಿದು ಅಭ್ಯಾಸ ಮಾಡಿದರೆ, ಆ ಉಸಿರು ಬೆರಳನ್ನು ಹೊರಗೆ ತಳ್ಳುವುದು ಗೊತ್ತಾಗುತ್ತದೆ. ಆಮೇಲೆ ಗಂಟಲು ಮುಚ್ಚಿ, ಯಾರೋ ಹೊಟ್ಟೆಗೆ ಗುದ್ದಲಿದ್ದಾರೆ ಎಂಬಂತೆ ಸುತ್ತಲೂ ಬಿಗಿಮಾಡಿ, ಇಳಿದು, ಎದ್ದು, ಮೇಲೆ ನಿಂತ ಮೇಲೆಯೇ ಬಿಡುವುದು. ಮುಂದಿನ ರೆಪ್‌ಗೆ ಹೊಸ ಉಸಿರು.

ಹೀಗೆ ಮಾಡಿದಾಗ ನಡುವಿಗೆ ಸಿಗುವ ಗಟ್ಟಿತನ ಸುಮ್ಮನೆ ಅನಿಸಿಕೆಯಲ್ಲ. ಮೇಲಿನಿಂದ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆ, ಕೆಳಗಿನಿಂದ ಕಟಿಕುಹರದ ತಳದ ಸ್ನಾಯು, ಸುತ್ತಲೂ ಹೊಟ್ಟೆಯ ಮತ್ತು ಬೆನ್ನಿನ ಸ್ನಾಯು ಒಟ್ಟಿಗೆ ಒತ್ತುವುದರಿಂದ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ತುಂಬಿ ಬಾಯಿ ಹೊಲಿದ ರಾಗಿ ಚೀಲ ನೆಟ್ಟಗೆ ನಿಲ್ಲುತ್ತದೆ, ಅರ್ಧ ಖಾಲಿಯಾದ ಚೀಲ ನಡುವಿಗೇ ಮಡಚಿಕೊಳ್ಳುತ್ತದೆ. ಇಲ್ಲಿ ಆಗುವುದೂ ಅದೇ. ಸೊಂಟದಿಂದ ಹೆಗಲವರೆಗೆ ಒಂದೇ ಗಟ್ಟಿ ತುಂಡಾದಾಗ ಕಾಲಿನ ಬಲ ಬಾರ್‌ಗೆ ಸೋರಿಹೋಗದೆ ತಲುಪುತ್ತದೆ. 100 ಕೆ.ಜಿ.ಯ ಮೂರೂ ರೆಪ್‌ಗಳಲ್ಲಿ ಎದೆ ಮತ್ತು ಸೊಂಟ ಒಟ್ಟಿಗೇ ಮೇಲೇರುತ್ತವೆ. ಮೊಬೈಲನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಕೆಡುವುದು ಎಲ್ಲಿ? ಹೆಗಲು ಕಿವಿಯ ಕಡೆಗೆ ಏರಿದರೆ ಗಾಳಿ ಎದೆಯ ಮೇಲ್ಭಾಗದಲ್ಲೇ ನಿಂತಿದೆ. ಪಕ್ಕೆಲುಬು ಮುಂದಕ್ಕೆ ಚಾಚಿ ಬೆನ್ನು ಕಮಾನಾಗುತ್ತದೆ, ಬಿಗಿ ಸಿಗುವುದಿಲ್ಲ. ಕೆನ್ನೆ ಉಬ್ಬಿದರೆ ಗಾಳಿಯನ್ನು ಗಂಟಲು ಹಿಡಿದಿಲ್ಲ, ತುಟಿ ಹಿಡಿದಿದೆ. ಎಲ್ಲಕ್ಕಿಂತ ಕೆಟ್ಟದ್ದು ಒಂದೇ ಉಸಿರಿನಲ್ಲಿ ಎರಡು ಮೂರು ರೆಪ್ ಎಳೆಯುವುದು. ಅದು ಯಾಕೆ ಕೆಟ್ಟದ್ದು ಎಂಬುದಕ್ಕೆ ರಕ್ತದೊತ್ತಡದ ಕಡೆ ನೋಡಬೇಕು.

ದಮ್ ಕಟ್ಟಿದ ತಕ್ಷಣ ಎದೆಯೊಳಗಿನ ಒತ್ತಡ ದೊಡ್ಡ ರಕ್ತನಾಳಗಳ ಮೇಲೂ ಬೀಳುತ್ತದೆ, ಬಿಪಿ ಒಮ್ಮೆಲೇ ಜಿಗಿಯುತ್ತದೆ. ಬಿಗಿದ ತೊಡೆ, ಪೃಷ್ಠದ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನು ಹಿಂಡುವುದರಿಂದ ಅದು ಇನ್ನೂ ಏರುತ್ತದೆ. ಹಿಡಿದೇ ಇದ್ದರೆ ಕೆಲವು ಸೆಕೆಂಡುಗಳಲ್ಲಿ ಆಟ ತಿರುಗುತ್ತದೆ: ಎದೆಯ ಒತ್ತಡದಿಂದಾಗಿ ಕಾಲು, ಹೊಟ್ಟೆಯ ರಕ್ತ ಹೃದಯಕ್ಕೆ ಮರಳುವುದು ಕಡಿಮೆಯಾಗಿ, ಹೃದಯ ಹೊರಹಾಕುವ ರಕ್ತವೂ ಕಡಿಮೆಯಾಗುತ್ತದೆ. ಉಸಿರು ಬಿಟ್ಟ ಕ್ಷಣದಲ್ಲಿ ಬಿಪಿ ಮತ್ತೆ ಕುಸಿದು, ನಂತರ ಮೊದಲಿಗಿಂತ ಮೇಲಕ್ಕೆ ಚಿಮ್ಮುತ್ತದೆ. ಭಾರದ ಡೆಡ್‌ಲಿಫ್ಟ್ ಮುಗಿಸಿ ನಿಂತವರಿಗೆ ಕಣ್ಣು ಕತ್ತಲೆ ಬರುವುದು ಆ ಕುಸಿತದ ಘಳಿಗೆಯಲ್ಲಿ. ಹಾಗೆ ಅನಿಸಿದರೆ ಓಡಾಡಲು ಹೋಗದೆ ಬಾರ್ ಇಳಿಸಿ ತಕ್ಷಣ ಕೆಳಗೆ ಕೂರಬೇಕು. ನಿಂತಲ್ಲಿಂದ ಬಿದ್ದು ತಲೆಗೆ ಪ್ಲೇಟ್ ತಗುಲುವ ಅಪಾಯವೇ ಹೆಚ್ಚು.

ಎಷ್ಟು ಏರುತ್ತದೆ ಎಂಬುದನ್ನು ಕೈಗೆ ಪಟ್ಟಿ ಸುತ್ತುವ ಮನೆಯ ಯಂತ್ರ ಹೇಳಲಾರದು. ಅದು ಗಾಳಿ ತುಂಬಿ ಓದುವಷ್ಟರಲ್ಲಿ ಏರಿದ್ದು ಇಳಿದಿರುತ್ತದೆ. ಸೆಟ್ ಮುಗಿಸಿ ಅಳೆದಾಗ 130/80 ಬಂತೆಂದು ಸಮಾಧಾನಪಡುವುದು ತಪ್ಪು. ರಕ್ತನಾಳದೊಳಗೇ ಕೊಳವೆ ಇಟ್ಟು ಲೆಗ್ ಪ್ರೆಸ್ ಮಾಡಿಸಿ ಅಳೆದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಗಿದೆ. ಗರಿಷ್ಠ ತೂಕದಲ್ಲಿ ದಮ್ ಕಟ್ಟಿದಾಗ ಸರಾಸರಿ ಬಿಪಿ 311/284. ಅದೇ ತೂಕವನ್ನು ನಿಧಾನವಾಗಿ ಉಸಿರು ಬಿಡುತ್ತಾ ತಳ್ಳಿದಾಗ 198/175. ಈ ಎರಡು ಅಂಕಿಗಳನ್ನೂ ಒಟ್ಟಿಗೇ ನೆನಪಿಡಬೇಕು. ಉಸಿರು ಬಿಟ್ಟದ್ದರಿಂದ ನೂರಕ್ಕೂ ಹೆಚ್ಚು ಇಳಿಯಿತು ಎಂಬುದು ಒಂದು. ಉಸಿರು ಬಿಟ್ಟರೂ 198 ಇತ್ತು ಎಂಬುದು ಇನ್ನೊಂದು, ಮತ್ತು ಜಿಮ್‌ನಲ್ಲಿ ಮರೆತುಹೋಗುವುದು ಇದೇ.

ಎರಡನೆಯ ವಿಧಾನ, ಎದ್ದೇಳುವಾಗ ಪೂರ್ತಿ ಉಸಿರು ಬಿಡುವುದು. ತುಟಿ ಕಿರಿದು ಮಾಡಿ "ಸ್ಸ್ಸ್" ಎಂದು ಕೆಳಗಿನಿಂದ ಮೇಲಿನವರೆಗೂ ಸಮನಾಗಿ ಸೋರಬಿಡಬೇಕು. ಒಂದೇ ಸಲ "ಹಾ" ಎಂದು ಬಿಡುವುದು ಈ ವಿಧಾನವಲ್ಲ. 60 ಕೆ.ಜಿ.ಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ದಮ್ ಕಟ್ಟಿದ ರೆಪ್‌ಗೂ ಇದಕ್ಕೂ ವಿಡಿಯೋದಲ್ಲಿ ವ್ಯತ್ಯಾಸ ಹುಡುಕಬೇಕಾಗುತ್ತದೆ. 100 ಕೆ.ಜಿ. ಹಾಕಿದರೆ ಕಥೆ ಬೇರೆ. ತೊಡೆ ನೆಲಕ್ಕೆ ಸಮಾನಾಂತರವಾದ ಜಾಗದಿಂದ ಸ್ವಲ್ಪ ಮೇಲೆ, ಎಲ್ಲರಿಗೂ ಬಾರ್ ನಿಧಾನವಾಗುವ ಕಡೆ, ಸೊಂಟ ಮೊದಲು ಏಳುತ್ತದೆ, ಎದೆ ಏಳುವುದು ತಡವಾಗುತ್ತದೆ, ಕೆಳಬೆನ್ನಿನ ಮೇಲೆ ಭಾರ ಬರುತ್ತದೆ. "ಅಣ್ಣಾ, ಉಸಿರು ಬಿಟ್ರೆ ಬಾರ್ ಅಲ್ಲೇ ನಿಂತೋಗುತ್ತೆ" ಎಂದು ಹುಡುಗರು ಹೇಳುವುದು ನಿಜವೇ. ಇನ್ನೊಂದು ಸಂಗತಿಯೂ ಇದೆ. ಗರಿಷ್ಠದ ಶೇ. 80 ದಾಟಿದರೆ, ಅಥವಾ ಕಡಿಮೆ ತೂಕವನ್ನೇ ಇನ್ನು ಆಗದು ಎನ್ನುವವರೆಗೆ ಎತ್ತಿದರೆ, ಬೇಡವೆಂದರೂ ದೇಹ ತಾನಾಗಿ ಗಂಟಲು ಮುಚ್ಚಿ ತಿಣುಕುತ್ತದೆ. ಬಟವಾಡಿಯ ಎಪಿಎಂಸಿಯಲ್ಲಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಮೂಟೆ ಎತ್ತುವ ಹಮಾಲರಿಗೆ ಯಾರೂ ಇದನ್ನು ಕಲಿಸಿಲ್ಲ, ಮೂಟೆ ನೆಲ ಬಿಡುವ ಕ್ಷಣದಲ್ಲಿ ಉಸಿರು ತಾನೇ ನಿಲ್ಲುತ್ತದೆ.

ಮೂರನೆಯದು ಇವೆರಡರ ನಡುವಿನದು: ಇಳಿಯುವಾಗ ಮತ್ತು ಆ ಕಷ್ಟದ ಜಾಗ ದಾಟುವವರೆಗೆ ಹಿಡಿದು, ದಾಟಿದ ಮೇಲೆ ಸಣ್ಣಗೆ ಬಿಡುತ್ತಾ ನಿಲ್ಲುವುದು. ಹೊಟ್ಟೆಯ ಬಿಗಿ ಮಾತ್ರ ಕೊನೆಯವರೆಗೂ ಸಡಿಲವಾಗಬಾರದು. 100 ಕೆ.ಜಿ.ಯಲ್ಲಿ ಇದರ ರೆಪ್ ಪೂರ್ತಿ ದಮ್ ಕಟ್ಟಿದಷ್ಟೇ ನೆಟ್ಟಗಿರುತ್ತದೆ, ಹಿಡಿಯುವ ಸಮಯ ಎರಡು ಮೂರು ಸೆಕೆಂಡಿಗೆ ಇಳಿಯುತ್ತದೆ, ಕೊನೆಯ ರೆಪ್ ಆದಮೇಲೆ ತಲೆ ಹಗುರಾಗುವುದೂ ಕಡಿಮೆ. ಕಲಿಯುವುದು ತುಸು ಕಷ್ಟ, ಬಿಡುವ ಗಳಿಗೆ ಬೇಗ ಬಂದರೆ ಎರಡನೆಯ ವಿಧಾನದ ದೋಷಗಳೆಲ್ಲ ಬರುತ್ತವೆ. ಆದರೂ ಆರೋಗ್ಯವಂತರು ಶೇ. 80ರಿಂದ 90ರವರೆಗಿನ ತೂಕದಲ್ಲಿ ಮೂರರಿಂದ ಐದು ರೆಪ್ ಮಾಡುವಾಗ ನಮ್ಮ ಆಯ್ಕೆ ಇದು. 115, 120 ಕೆ.ಜಿ.ಯ ಒಂದೇ ರೆಪ್‌ಗೆ ಪೂರ್ತಿ ದಮ್ ಕಟ್ಟುವುದೇ ಸರಿ, ಅಲ್ಲಿ ಬಗ್ಗಿದ ಬೆನ್ನು ದೊಡ್ಡ ಅಪಾಯ.

ಬೆಲ್ಟ್ ಬಗ್ಗೆ ಒಂದೇ ಮಾತು. ಅದು ಹೊಟ್ಟೆ ಒತ್ತಲು ಗೋಡೆ ಕೊಡುತ್ತದೆ, ಒಳಗಿನ ಒತ್ತಡವನ್ನು ಇನ್ನೂ ಏರಿಸುತ್ತದೆ. ಆದ್ದರಿಂದ "ಬಿಪಿ ಇದೆ, ಅದಕ್ಕೇ ಬೆಲ್ಟ್ ಹಾಕ್ತೀನಿ" ಎನ್ನುವುದಕ್ಕೆ ಆಧಾರವಿಲ್ಲ.

ಈಗ ದಮ್ ಕಟ್ಟಲೇಬಾರದವರ ವಿಷಯ. ಹತೋಟಿಗೆ ಬರದ ರಕ್ತದೊತ್ತಡ ಇರುವವರು ಮೊದಲಿಗರು. ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂತು ಅಳೆದಾಗಲೂ 180/110 ದಾಟುವವರು ತೂಕವನ್ನೇ ಮುಟ್ಟಬಾರದು, ಮೊದಲು ಡಾಕ್ಟರ್. ಮಹಾಪಧಮನಿ ಹಿಗ್ಗಿರುವವರಿಗೆ ಒಂದು ಜಿಗಿತವೇ ಸಾಕು, ಹಿಗ್ಗಿದ ಗೋಡೆ ಸೀಳಬಹುದು. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಹೃದಯದ ಕವಾಟ ಕಿರಿದಾದವರು, ಹೃದಯ ವೈಫಲ್ಯ ಇರುವವರು, ಮಿದುಳಿನ ರಕ್ತನಾಳ ಉಬ್ಬಿರುವುದು ಗೊತ್ತಿರುವವರು ಕೂಡ ದೂರವೇ ಇರಬೇಕು. ಹರ್ನಿಯಾ ಇರುವವರು, ಹೊಟ್ಟೆಯ ಆಪರೇಷನ್ ಆಗಿ ಇನ್ನೂ ಗಾಯ ಮಾಗದವರು, ಗರ್ಭಿಣಿಯರಿಗೆ ತೊಂದರೆ ಬರುವುದು ಹೊಟ್ಟೆಯ ಒತ್ತಡದಿಂದ. ಇದರ ಜೊತೆಗೆ ಜನ ಮರೆಯುವ ಒಂದು ಗುಂಪಿದೆ: ಕಣ್ಣಿನ ತೊಂದರೆಯವರು. ತಿಣುಕಿದಾಗ ಏರುವ ರಕ್ತನಾಳಗಳ ಒತ್ತಡಕ್ಕೆ ಕಣ್ಣಿನ ಅಕ್ಷಿಪಟಲದ ಸಣ್ಣ ನಾಳ ಒಡೆಯಬಹುದು. ಸಕ್ಕರೆ ಕಾಯಿಲೆಯಿಂದ ಅಲ್ಲಿ ಹೊಸ, ದುರ್ಬಲ ನಾಳಗಳು ಬೆಳೆದಿದ್ದರೆ ಅಪಾಯ ಹೆಚ್ಚು. ನೋವಿಲ್ಲದೆ ಒಂದು ಕಣ್ಣಿನ ನಡುವೆ ಕಪ್ಪು ಅಥವಾ ಕೆಂಪು ಮಬ್ಬು ಕಂಡರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಡಾಕ್ಟರ್ ಹತ್ತಿರ "ಜಿಮ್‌ಗೆ ಹೋಗಬಹುದಾ" ಎಂದಷ್ಟೇ ಕೇಳಿದರೆ ಉಪಯೋಗವಿಲ್ಲ, "ಉಸಿರು ಬಿಗಿಹಿಡಿದು ಭಾರ ಎತ್ತಬಹುದಾ" ಎಂದು ಬಿಡಿಸಿ ಕೇಳಬೇಕು.

ಜಿಮ್‌ಗೆ ಹೆಚ್ಚಾಗಿ ಬರುವುದು ಇನ್ನೊಂದು ಬಗೆಯವರು: ನಲವತ್ತು ದಾಟಿದ, ಮಾತ್ರೆಯಿಂದ ಬಿಪಿ 135/85ರ ಆಸುಪಾಸಿನಲ್ಲಿರುವ, ಡಾಕ್ಟರ್ ವ್ಯಾಯಾಮಕ್ಕೆ ಒಪ್ಪಿದ ಅಂಗಡಿಯವರು, ಮೇಷ್ಟ್ರು. ಅವರಿಗೆ "ಉಸಿರು ಬಿಡ್ತಾ ಮಾಡಿ ಸರ್" ಎಂದು ಹೇಳಿ 100 ಕೆ.ಜಿ. ಹಾಕಿದರೆ ಏನೂ ಹೇಳಿದಂತಾಗಲಿಲ್ಲ, ಕೊನೆಯ ರೆಪ್‌ನಲ್ಲಿ ಗಂಟಲು ಮುಚ್ಚಿಯೇ ಮುಚ್ಚುತ್ತದೆ. ಅವರನ್ನು ಕಾಪಾಡುವುದು ತೂಕ ಮತ್ತು ನಿಲ್ಲಿಸುವ ಜಾಗ. ಅವರ ಗರಿಷ್ಠವೂ 120 ಇರಬಹುದೆಂದು ಅಂದಾಜಾದರೆ 60 ಕೆ.ಜಿ. ಹಾಕಿ. ಗರಿಷ್ಠ ಎಷ್ಟೆಂದು ಪರೀಕ್ಷಿಸಲು ಮಾತ್ರ ಹೋಗಬೇಡಿ, ಆ ಪರೀಕ್ಷೆಯೇ ದಮ್ ಕಟ್ಟಿಸುತ್ತದೆ. ಹದಿನೈದಕ್ಕಿಂತ ಹೆಚ್ಚು ರೆಪ್ ಆಗುವ ತೂಕದಲ್ಲಿ ಹತ್ತಕ್ಕೆ ನಿಲ್ಲಿಸಿ, ಎರಡು ನಿಮಿಷ ಬಿಡುವು ಕೊಟ್ಟು ಮುಂದಿನ ಸೆಟ್. ಮೇಲೇಳುತ್ತಾ ಪ್ರತಿ ರೆಪ್ ಅನ್ನೂ ಬಾಯಿಬಿಟ್ಟು ಎಣಿಸಲು ಹೇಳಿ. ಗಂಟಲು ಮುಚ್ಚಿದ್ದರೆ ದನಿ ಹೊರಡುವುದಿಲ್ಲ, ಹೀಗಾಗಿ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. "ಏಳು", "ಎಂಟು" ಸಲೀಸಾಗಿ ಬಂದು "ಒಂಬತ್ತು" ಅರ್ಧಕ್ಕೆ ಕಟ್ಟಾದರೆ ಸೆಟ್ ಅಲ್ಲಿಗೇ ಮುಗಿಯಿತು. ಮುಂದಿನ ಸೆಟ್‌ಗೆ ಐದು ಕೆ.ಜಿ. ಇಳಿಸಿ, ಎಂಟಕ್ಕೇ ನಿಲ್ಲಿಸಿ. ಎದೆನೋವು, ಬೆನ್ನಿಗೆ ಇಳಿಯುವ ನೋವು ಅಥವಾ ಹಿಂದೆಂದೂ ಬರದಂಥ ತಲೆನೋವು ಎತ್ತುವಾಗ ಒಮ್ಮೆಲೇ ಬಂದರೆ ಎಣಿಕೆ, ಸೆಟ್ ಎಲ್ಲ ಬಿಟ್ಟು ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.