ಆಶಾ ಕಾರ್ಯಕರ್ತೆಯ ವ್ಯಾಪ್ತಿಯೋ, ಪಿಎಚ್‌ಸಿಯೋ: ಚೀಟಿ ಎತ್ತುವುದು ಯಾವುದಕ್ಕೆ?

ತೀರ್ಥಹಳ್ಳಿ, ಹೊಸನಗರ ಕಡೆ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ಬಿಪಿ ನೋಡುವ ಕಾರ್ಯಕ್ರಮವನ್ನು ಪರೀಕ್ಷಿಸಬೇಕು ಅಂದುಕೊಳ್ಳಿ. ಯಾರಿಗೆ ಕಾರ್ಯಕ್ರಮ, ಯಾರು ಬರೀ ಹೋಲಿಕೆಗೆ ಎಂದು ಒಬ್ಬೊಬ್ಬರಿಗೇ ಚೀಟಿ ಎತ್ತಿದರೆ 800 ಜನ ಸಾಕು ಎಂದಿರಲಿ. ಇಡೀ ಆಶಾ ವ್ಯಾಪ್ತಿಗೋ ಪಿಎಚ್‌ಸಿಗೋ ಒಂದು ಗುಂಪಾಗಿ ಎತ್ತಿದರೆ ಅಷ್ಟು ಸಾಲದು. ಒಂದೇ ಊರಿನವರ ಊಟ, ಕೆಲಸ, ಡಾಕ್ಟರು ಒಂದೇ, ಅಲ್ವಾ? ಹಾಗಾಗಿ ಅವರ ಬಿಪಿಯೂ ಸ್ವಲ್ಪ ಹೋಲುತ್ತದೆ. ಒಟ್ಟು ಏರುಪೇರಿನಲ್ಲಿ ಗುಂಪು-ಗುಂಪುಗಳ ನಡುವಿನ ಪಾಲೇ ಐಸಿಸಿ, ಅಂದರೆ ρ. ಪ್ರತಿ ಗುಂಪಿನಲ್ಲಿ m ಜನರಿದ್ದರೆ, 800ನ್ನು ಇದರಿಂದ ಗುಣಿಸಬೇಕು:

```
1 + (m − 1) × ρ
```

ρ 0.02 ಎಂದಿಟ್ಟುಕೊಳ್ಳೋಣ. ಆಶಾ ವ್ಯಾಪ್ತಿಗೆ 20 ಜನರಂತೆ ತೆಗೆದುಕೊಂಡರೆ 1.38 ಪಟ್ಟು, ಅಂದರೆ 1,104 ಜನ, 56 ಗುಂಪು. ಪಿಎಚ್‌ಸಿಗೆ 100 ಜನರಂತೆ ಆದರೆ 2.98 ಪಟ್ಟು, 2,384 ಜನ, 24 ಪಿಎಚ್‌ಸಿ. ದೊಡ್ಡ ಗುಂಪಿನಲ್ಲಿ ρ ಸಾಮಾನ್ಯವಾಗಿ ಕಡಿಮೆ. 0.01 ಆದರೆ 16 ಪಿಎಚ್‌ಸಿ ಸಾಕು. ಆದರೆ ಒಂದೇ ಪಿಎಚ್‌ಸಿಯಲ್ಲಿ ಜನರನ್ನು ಸುಮ್ನೆ ಸೇರಿಸುತ್ತಾ ಹೋದರೆ ಲಾಭವಿಲ್ಲ. ρ 0.02 ಇದ್ದಾಗ ಎಷ್ಟೇ ಜನರಿದ್ದರೂ ಒಂದು ಗುಂಪು 50 ಜನರಿಗಿಂತ ಹೆಚ್ಚಿನ ಮಾಹಿತಿ ಕೊಡುವುದಿಲ್ಲ.

ಒಟ್ಟು ಜನರ ಲೆಕ್ಕದಲ್ಲಿ ಆಶಾ ವ್ಯಾಪ್ತಿ ಗೆಲ್ಲುತ್ತದೆ. ಆದರೆ ಅಕ್ಕಪಕ್ಕದ ಆಶಾಗಳು ಒಂದೇ ಮೀಟಿಂಗಿನಲ್ಲಿ ಕೂರುತ್ತಾರೆ, ಕಲಿತದ್ದನ್ನು ಹಂಚಿಕೊಳ್ಳುತ್ತಾರೆ. ಆಗ ಎರಡೂ ಕಡೆಯ ವ್ಯತ್ಯಾಸ ಕರಗುತ್ತದೆ. ಹೋಲಿಕೆ ಗುಂಪಿನಲ್ಲೂ ಮನೆಭೇಟಿ ಜಾಸ್ತಿಯಾದರೆ ಅದೇ ಸುಳಿವು. ಡಾಕ್ಟರಿಗೂ ತರಬೇತಿ ಇದ್ದರೆ ನಾನು ಪಿಎಚ್‌ಸಿಯನ್ನೇ ಆರಿಸುತ್ತೇನೆ. ಭೇಟಿ ಮಾತ್ರ ಬದಲಾಗುವುದಾದರೆ, ದೂರದೂರದ ಆಶಾ ವ್ಯಾಪ್ತಿಗಳು ಒಳ್ಳೆಯದು.